150 ಪದಗಳ ಒಂದು ಅರ್ಜಿ

(ತುಮಕೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇವತ್ತಿನ ವಿಷಯ ಚಿಕ್ಕದು. ಒಬ್ಬ ಸಾಮಾನ್ಯ ಮನುಷ್ಯ ಸರ್ಕಾರಿ ಕಚೇರಿಯಿಂದ ಒಂದು ಕಾಗದ ಕೇಳಬೇಕು. ಒಂದೇ ಸಲ ಕೇಳಿ ಪಡೆಯಬಹುದಾದ ಆ ಕಾಗದಕ್ಕಾಗಿ ಅವನು ಏಕೆ ಮೂರು ನಾಲ್ಕು ಸಲ ಬರೆಯಬೇಕಾಗುತ್ತದೆ? ಅದನ್ನು ತಪ್ಪಿಸಲು ಅವನಿಗೆ ಏನನ್ನು ಕಲಿಸಬೇಕು? ಇಷ್ಟೇ ವಿಷಯ. ಮಾಹಿತಿ ಹಕ್ಕಿನ ಇತಿಹಾಸವನ್ನಾಗಲಿ ಅದರ ಹಿರಿಮೆಯನ್ನಾಗಲಿ ಹೇಳಲು ನಾನು ಹೊರಟಿಲ್ಲ. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು, ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂತು ಎಂದು ನೆನಪಿಸಿ ಮುಂದಕ್ಕೆ ಹೋಗುತ್ತೇನೆ. ನಾಲ್ಕು ವಿಚಾರಗಳಿವೆ: ಅರ್ಜಿದಾರನಿಗೆ ಬೇಕಿರುವುದು ಏನು, ಯಾರನ್ನು ಕೇಳಬೇಕು, ಯಾವ ರೂಪದಲ್ಲಿ ಕೇಳಬೇಕು, ಎಲ್ಲಿಗೆ ನಿಲ್ಲಿಸಬೇಕು. ನಾಲ್ಕಕ್ಕೂ ಒಂದೇ ತೂಕವಿಲ್ಲ. ಎರಡನೆಯದರಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲು ಒಂದು ಅರ್ಜಿಯನ್ನು ನಿಮ್ಮ ಮುಂದಿಡುತ್ತೇನೆ. ಇದು ಯಾರೊಬ್ಬರದೂ ಅಲ್ಲ. ತಾಲ್ಲೂಕು ಕಚೇರಿಗಳ ಎದುರು ಮೇಜು ಹಾಕಿಕೊಂಡು ಕೂರುವ ಅರ್ಜಿ ಬರಹಗಾರರ ಬಳಿ ದಿನವೂ ತಯಾರಾಗುವಂಥ ಅರ್ಜಿಗಳನ್ನು ನೋಡಿ, ಉದಾಹರಣೆಗೆಂದು ನಾನೇ ಕಟ್ಟಿದ್ದು. ಗುಬ್ಬಿ ತಾಲ್ಲೂಕಿನ ಒಂದು ಊರು ಎಂದುಕೊಳ್ಳಿ. ಊರ ಕೆರೆಯಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಹೂಳು ತೆಗೆದಿದ್ದಾರೆ. ತೆಗೆದದ್ದಕ್ಕಿಂತ ಹೆಚ್ಚು ಬರೆದುಕೊಂಡಿದ್ದಾರೆ ಎಂಬ ಗುಮಾನಿ ಊರವರಿಗೆ. ಒಬ್ಬ ರೈತ ಜಿಲ್ಲಾಧಿಕಾರಿಗಳ ಕಚೇರಿಗೆ ಹೀಗೆ ಬರೆಯುತ್ತಾನೆ:

"ನಮ್ಮೂರ ಕೆರೆ ಹೂಳೆತ್ತುವ ಕಾಮಗಾರಿಯಲ್ಲಿ ಭಾರಿ ಅವ್ಯವಹಾರ ನಡೆದಿರುತ್ತದೆ. ಇದುವರೆಗೆ ಕೆರೆಗೆ ಎಷ್ಟು ಹಣ ಬಂದಿದೆ, ಅದು ಎಲ್ಲಿ ಹೋಯಿತು, ಕೆಲಸ ಏಕೆ ಸರಿಯಾಗಿ ಆಗಿಲ್ಲ, ಇದಕ್ಕೆ ಯಾರು ಹೊಣೆ, ಅವರ ಮೇಲೆ ಏನು ಕ್ರಮ ಕೈಗೊಳ್ಳುವಿರಿ, ಒತ್ತುವರಿ ಏಕೆ ತೆರವಾಗಿಲ್ಲ ಎಂಬ ಬಗ್ಗೆ ಸಂಪೂರ್ಣ ಮಾಹಿತಿ ಒದಗಿಸಬೇಕೆಂದು ಕೋರುತ್ತೇನೆ."

ಓದಿದರೆ ಏನೂ ತಪ್ಪು ಕಾಣುವುದಿಲ್ಲ. ಸಿಟ್ಟು ನ್ಯಾಯವಾದದ್ದು, ಭಾಷೆಯೂ ಚೆನ್ನಾಗಿದೆ. ಈಗ ಇದು ಟಪಾಲಿಗೆ ಬಿದ್ದ ಮೇಲೆ ಏನಾಗುತ್ತದೆ ನೋಡಿ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಆ ಕಾಮಗಾರಿಯ ಕಡತ ಇಲ್ಲ. ಕಾಯ್ದೆಯ 6(3)ನೇ ಕಲಮಿನಂತೆ ಅರ್ಜಿಯನ್ನು ಐದು ದಿನದೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು, ವರ್ಗಾಯಿಸುತ್ತಾರೆ. ಅಲ್ಲಿಂದ ಅದು ಇನ್ನೊಂದು ಮೇಜಿಗೆ ಇಳಿಯುತ್ತದೆ. ಕೊನೆಗೆ ಬರುವ ಹಿಂಬರಹದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾತಿರುತ್ತದೆ: ಕೋರಿರುವ ಮಾಹಿತಿ ಅಸ್ಪಷ್ಟ, ನಿರ್ದಿಷ್ಟವಾಗಿ ಕೋರಿ; ಪ್ರಶ್ನೆ ರೂಪದಲ್ಲಿರುವುದರಿಂದ ಕೊಡಲು ಬರುವುದಿಲ್ಲ; ಒಂದಕ್ಕಿಂತ ಹೆಚ್ಚು ವಿಷಯಗಳಿವೆ, ಪ್ರತ್ಯೇಕ ಅರ್ಜಿ ಸಲ್ಲಿಸಿ. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿ ಹಾಕಲು 30 ದಿನ, ಅದರ ತೀರ್ಮಾನಕ್ಕೆ 30ರಿಂದ 45 ದಿನ. ಅಲ್ಲಿಗೆ ಮೂರು ತಿಂಗಳು ಮುಗಿದಿರುತ್ತದೆ. ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಲು 90 ದಿನದ ಗಡುವಿದೆ. ಆದರೆ ಆಯೋಗ ಇಷ್ಟು ದಿನದಲ್ಲಿ ತೀರ್ಮಾನಿಸಬೇಕು ಎಂಬ ಗಡುವು ಕಾಯ್ದೆಯಲ್ಲಿ ಇಲ್ಲ. ಮಳೆ ಬಂದು ಕೆರೆ ತುಂಬಿದ ಮೇಲೆ ತೆಗೆದ ಹೂಳಿನ ಆಳವನ್ನು ಅಳೆಯುವವರು ಯಾರು?

ಇನ್ನು ಮೊದಲ ವಿಚಾರಕ್ಕೆ ಬರುತ್ತೇನೆ, ಬೇಕಿರುವುದು ಏನು ಎಂಬುದಕ್ಕೆ.

ಇಲ್ಲೊಂದು ವಿಚಿತ್ರವಿದೆ. ಕಾಯ್ದೆಯ 6(2)ನೇ ಕಲಮಿನ ಪ್ರಕಾರ ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ. ಏಕೆ ಬೇಕು ಎಂದು ಅಧಿಕಾರಿ ಕೇಳುವಂತೆಯೂ ಇಲ್ಲ. ಇದು ಅರ್ಜಿದಾರನಿಗೆ ದೊಡ್ಡ ರಕ್ಷಣೆ, ಅದನ್ನು ಬಿಟ್ಟುಕೊಡಬಾರದು. ಆದರೆ ಇದರಿಂದಲೇ ಒಂದು ಅಭ್ಯಾಸ ಬೆಳೆದಿದೆ. ಕಚೇರಿಗೆ ಹೇಳಬೇಕಾಗಿಲ್ಲದ ಉದ್ದೇಶವನ್ನು ಅರ್ಜಿದಾರ ತನಗೆ ತಾನೂ ಹೇಳಿಕೊಳ್ಳುವುದಿಲ್ಲ. ನಮ್ಮ ರೈತನನ್ನು ಕೂರಿಸಿಕೊಂಡು, "ಅಣ್ಣಾ, ಕಾಗದ ಕೈಗೆ ಬಂದರೆ ಏನು ಮಾಡ್ತೀಯ?" ಎಂದು ಕೇಳಿ. ಬರುವ ಉತ್ತರದ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಒತ್ತುವರಿ ತೆರವು ಮಾಡಿಸಬೇಕು ಎಂದರೆ ಅದು ದೂರು. ಅದಕ್ಕೆ 1902ಕ್ಕೆ ಕರೆ ಮಾಡುವ ಜನಸ್ಪಂದನವೋ ತಹಶೀಲ್ದಾರರಿಗೆ ಕೊಡುವ ಮನವಿಯೋ ದಾರಿ. ನನ್ನ ಖಾತೆ ಬದಲಾವಣೆ ಆಗಿಲ್ಲ ಎಂದರೆ ಅದು ಸೇವೆ. ಅದಕ್ಕೆ 2011ರ ಸಕಾಲ ಕಾಯ್ದೆಯ ಗಡುವು ಮತ್ತು ಅದರದೇ ಮೇಲ್ಮನವಿಗಳಿವೆ. "ಗ್ರಾಮಸಭೆಯಲ್ಲಿ ಎದ್ದು ನಿಂತು, ಇಲ್ಲಿ ಇಷ್ಟಡಿ ಆಳ ಅಂತ ಬರೆದಿದ್ದೀರಿ, ಬನ್ನಿ ಅಳೆದು ತೋರಿಸಿ ಅಂತ ಕೇಳಬೇಕು" ಎಂದರೆ, ಆಗ ಮಾತ್ರ ಅದು ಮಾಹಿತಿ ಹಕ್ಕಿನ ಅರ್ಜಿ. ಅಷ್ಟೇ ಅಲ್ಲ, ಆ ಒಂದು ವಾಕ್ಯದಲ್ಲೇ ಯಾವ ದಾಖಲೆ ಬೇಕು ಎಂಬುದೂ ಸಿಕ್ಕಿಬಿಟ್ಟಿತು. ಆಳ ಬರೆದಿರುವುದು ಅಳತೆ ಪುಸ್ತಕದಲ್ಲಿ, ಇಂಜಿನಿಯರುಗಳು ಎಂ.ಬಿ. ಎನ್ನುವುದರಲ್ಲಿ.

ಎಂ.ಬಿ. ಎಂದರೇನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಕಾಮಗಾರಿಯ ಉದ್ದ, ಅಗಲ, ಆಳವನ್ನು ಇಂಜಿನಿಯರ್ ಅಳೆದು ಬರೆದಿಡುವ ಪುಸ್ತಕ ಅದು. 50 ಮೀಟರ್ ಉದ್ದ, 20 ಮೀಟರ್ ಅಗಲ, 1 ಮೀಟರ್ ಆಳ ಎಂದಿದ್ದರೆ 1,000 ಘನ ಮೀಟರ್ ಮಣ್ಣು ತೆಗೆದ ಲೆಕ್ಕ, ಅದಕ್ಕೆ ತಕ್ಕ ಬಿಲ್ಲು. ಆಳವನ್ನು ಒಂದೂಕಾಲು ಮೀಟರ್ ಎಂದು ಬರೆದರೆ 250 ಘನ ಮೀಟರ್ ಕಾಗದದ ಮೇಲೆ ಹುಟ್ಟುತ್ತದೆ. ಕೆರೆಯಂಗಳದಲ್ಲಿ ಒಂದು ಟೇಪು ಹಿಡಿದರೆ ಗೊತ್ತಾಗುವ ಸಂಗತಿ. "ಎಷ್ಟು ಹಣ ಬಂತು" ಎಂಬ ಪ್ರಶ್ನೆಗೆ ಬರುವ ಮೊತ್ತದಿಂದ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಈಗ ಎರಡನೆಯದು: ಯಾರನ್ನು ಕೇಳಬೇಕು? ಹೆಚ್ಚು ಓಡಾಟ ಹುಟ್ಟುವುದು ಇಲ್ಲಿಂದ. ನಮ್ಮ ಜಿಲ್ಲೆಯ ಕೆರೆಗಳನ್ನೇ ಹಿಡಿದು ಹೇಳುತ್ತೇನೆ.

ಜನರ ಕಣ್ಣಿಗೆ ಕೆರೆ ಒಂದೇ. ಸರ್ಕಾರದ ಕಡತದಲ್ಲಿ ಅದು ಹಲವು ಕಡೆ ಹಂಚಿಹೋಗಿದೆ. ರಾಜ್ಯದಲ್ಲಿ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಕೆಳಗೆ ಬರುತ್ತವೆ, ಅದಕ್ಕಿಂತ ದೊಡ್ಡವು 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಗೆ. ಊರ ಬಾಗಿಲಲ್ಲಿರುವ ಕಟ್ಟೆಯಂಥ ಕೆರೆಗೂ ಹತ್ತಾರು ಊರಿಗೆ ನೀರು ಹರಿಸುವ ಕೆರೆಗೂ ಅರ್ಜಿ ಹೋಗುವ ಮನೆ ಬೇರೆ. ಗುಬ್ಬಿಯ ಕಡಬದ ಕೆರೆ, ಕುಣಿಗಲ್ ದೊಡ್ಡಕೆರೆಯಂಥವನ್ನು ಕಂಡವರು ಊರ ಸಣ್ಣ ಕೆರೆಗೂ ಅದೇ ಕಚೇರಿ ಇರಬೇಕು ಎಂದುಕೊಳ್ಳುವುದು ಸಹಜ. ಹಾಗಿರುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಕೆರೆಯ ಒತ್ತುವರಿ ತೆರವಿನ ಕಡತ ತಹಶೀಲ್ದಾರರ ಕಚೇರಿಯಲ್ಲಿ. ಕೆರೆಯ ಗಡಿ ತೋರಿಸುವ ಸರ್ವೆ ನಕ್ಷೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ನಾವು ಎ.ಡಿ.ಎಲ್.ಆರ್. ಆಫೀಸು ಎನ್ನುತ್ತೇವಲ್ಲ, ಅಲ್ಲಿ. ಉದ್ಯೋಗ ಖಾತರಿಯಲ್ಲಿ ಗ್ರಾಮ ಪಂಚಾಯಿತಿಯೇ ಮಾಡಿಸಿದ ಹೂಳಿನ ಕೆಲಸದ ಕಡತ ಪಂಚಾಯಿತಿಯಲ್ಲಿ. ಅಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಪಿ.ಡಿ.ಒ. ಅವರು. ತುಮಕೂರು ನಗರಕ್ಕೆ ಬಂದರೆ ಇನ್ನೂ ಜಟಿಲ. ಅಮಾನಿಕೆರೆಯ ಸುತ್ತ ಸ್ಮಾರ್ಟ್ ಸಿಟಿ ಯೋಜನೆಯ ಕೆಲಸವೂ ನಡೆದಿದೆ. ಆ ಕೆಲಸದ ಕಾಗದವನ್ನು ಮಹಾನಗರ ಪಾಲಿಕೆಗೆ ಕೇಳಿದರೆ ಅದು ತುಮಕೂರು ಸ್ಮಾರ್ಟ್ ಸಿಟಿ ಕಂಪನಿಯ ಕಡೆಗೆ ಕೈ ತೋರಿಸಬಹುದು. ಕೈ ತೋರಿಸುವುದು ಸೋಗು ಎಂದು ಜನ ಬೈಯುತ್ತಾರೆ. ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ಆದರೆ ಪ್ರತಿ ಸಲವೂ ಸೋಗಲ್ಲ.

ಹಾಗಾದರೆ ಸರಿಯಾದ ಮನೆ ತಿಳಿಯುವುದು ಹೇಗೆ? ನಾನು ಕಲಿಸುವಾಗ ಒಂದೇ ಉಪಾಯ ಹೇಳುತ್ತೇನೆ: ಬಿಲ್ಲು ಬರೆದವರು ಯಾರು ಎಂದು ಹುಡುಕಿ. ದುಡ್ಡು ಪಾವತಿ ಮಾಡಿದ ಕಚೇರಿಯಲ್ಲಿ ಕಡತ ಇರಲೇಬೇಕು. ಉದ್ಯೋಗ ಖಾತರಿ ಕಾಮಗಾರಿಗೆ ಇದು ಸುಲಭ. ಕೆಲಸದ ಜಾಗದಲ್ಲಿ ಹಾಕಿರುವ ನಾಮಫಲಕದಲ್ಲಿ ಕಾಮಗಾರಿಯ ಹೆಸರು, ಸಂಕೇತ ಸಂಖ್ಯೆ, ಅಂದಾಜು ಮೊತ್ತ, ಅನುಷ್ಠಾನ ಮಾಡಿದ ಸಂಸ್ಥೆ ಇರಬೇಕು. ಫಲಕ ಬಿದ್ದುಹೋಗಿದ್ದರೆ ಯೋಜನೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿಕೊಂಡು ಹೋದರೆ ಕಾಮಗಾರಿಗಳ ಪಟ್ಟಿ ಸಿಗುತ್ತದೆ. ಮೊಬೈಲು ಕೈಯಲ್ಲಿರುವ ಯಾವ ವಿದ್ಯಾರ್ಥಿಯಾದರೂ ಊರಿಗೆ ಮಾಡಿಕೊಡಬಹುದಾದ ಕೆಲಸ ಇದು. ಆ ಸಂಕೇತ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆದ ಕೂಡಲೇ "ಯಾವ ಕೆರೆ, ಯಾವ ವರ್ಷ, ಯಾವ ಕೆಲಸ" ಎಂಬ ಮೂರು ಮರುಪ್ರಶ್ನೆಗಳು ಒಟ್ಟಿಗೆ ಸತ್ತವು.

ಇನ್ನೊಂದು. ಅರ್ಜಿ ಓದುವವರು ಜಿಲ್ಲಾಧಿಕಾರಿಯೂ ಅಲ್ಲ, ಎಷ್ಟೋ ಸಲ ಮಾಹಿತಿ ಅಧಿಕಾರಿಯೂ ಅಲ್ಲ. ಒಬ್ಬ ವಿಷಯ ನಿರ್ವಾಹಕ ಓದುತ್ತಾನೆ. ಅವನ ಹಿಂದೆ ಒಂದು ಬೀರು, ಬೀರುವಿನಲ್ಲಿ ಕೆಂಪು ದಾರ ಕಟ್ಟಿದ ಕಡತಗಳು. ಯಾವ ಕಡತವನ್ನು ಎಳೆಯಬೇಕು ಎಂದು ನಿಮ್ಮ ಅರ್ಜಿ ಹೇಳಿದರೆ ಅವನು ಎಳೆಯುತ್ತಾನೆ. "ಭಾರಿ ಅವ್ಯವಹಾರ" ಎಂಬ ಹೆಸರಿನ ಕಡತ ಬೀರುವಿನಲ್ಲಿ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮಾತನ್ನು ಓದಿದ ಕೂಡಲೇ ಅವನು ಅರ್ಜಿಯನ್ನು ಉತ್ತರಿಸಬೇಕಾದ ಕಾಗದ ಎಂದಲ್ಲ, ತಪ್ಪಿಸಿಕೊಳ್ಳಬೇಕಾದ ಕಾಗದ ಎಂದು ನೋಡಲು ತೊಡಗುತ್ತಾನೆ.

ಮೂರನೆಯ ವಿಚಾರ, ರೂಪ. ಇದರಲ್ಲಿ ಎರಡು ಪದರಗಳಿವೆ.

ಮೊದಲನೆಯದು, ಕೇಳುವ ರೂಪ. ಕಾಯ್ದೆ ಕೊಡುವುದು ಕಚೇರಿಯಲ್ಲಿ ಈಗಾಗಲೇ ಇರುವ ಮಾಹಿತಿಯನ್ನು. ಇಲ್ಲದ ವಿವರಣೆಯನ್ನು ಹೊಸದಾಗಿ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ. ಸಿ.ಬಿ.ಎಸ್.ಇ. ಮತ್ತು ಆದಿತ್ಯ ಬಂದೋಪಾಧ್ಯಾಯ ನಡುವಿನ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ "ಏಕೆ ಆಗಿಲ್ಲ" ಎಂದು ಕೇಳಿದರೆ ನಿರಾಕರಣೆ ಸುಲಭ. "ಈ ಕಾಮಗಾರಿಯನ್ನು ನಿಲ್ಲಿಸಿದ ಬಗ್ಗೆ ಕಡತದಲ್ಲಿರುವ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಎಂದರೆ ಅದೇ ಕಾರಣ ದಾಖಲೆಯಾಗಿ ಕೈಗೆ ಬರುತ್ತದೆ. "ಯಾರು ಹೊಣೆ" ಎಂದು ಕೇಳುವ ಬದಲು "ಅಳತೆ ದಾಖಲಿಸಿದ ಮತ್ತು ಬಿಲ್ಲಿಗೆ ಶಿಫಾರಸು ಮಾಡಿದ ಅಧಿಕಾರಿಗಳ ಸಹಿ ಇರುವ ಪುಟ" ಕೇಳಿದರೆ ಹೆಸರು, ಹುದ್ದೆ ಎರಡೂ ಅದರಲ್ಲೇ ಇರುತ್ತವೆ. "ಏನು ಕ್ರಮ ಕೈಗೊಳ್ಳುವಿರಿ" ಎಂಬುದಕ್ಕೆ ಮಾತ್ರ ಇಲ್ಲಿ ಜಾಗವಿಲ್ಲ, ಅದು ಮುಂದೆ ಆಗಬೇಕಾದದ್ದು. ಅದನ್ನು ದೂರಿನಲ್ಲಿ ಬರೆಯಬೇಕು.

ಎರಡನೆಯದು, ಪಡೆಯುವ ರೂಪ. ಪ್ರತಿ ಕೊಡಿ ಎನ್ನುವುದೊಂದೇ ಎಲ್ಲರಿಗೂ ಗೊತ್ತಿರುವ ದಾರಿ. ಕಾಯ್ದೆಯ 2(ಜೆ) ಕಲಮು ಇನ್ನೂ ಕೆಲವನ್ನು ಕೊಡುತ್ತದೆ: ದಾಖಲೆ ಅಥವಾ ಕಾಮಗಾರಿಯನ್ನು ಖುದ್ದು ಪರಿಶೀಲಿಸುವುದು, ಟಿಪ್ಪಣಿ ಮಾಡಿಕೊಳ್ಳುವುದು, ದೃಢೀಕೃತ ಪ್ರತಿ ಪಡೆಯುವುದು, ಬಳಸಿದ ಸಾಮಗ್ರಿಯ ಮಾದರಿ ಪಡೆಯುವುದು, ಕಂಪ್ಯೂಟರಿನಲ್ಲಿರುವುದನ್ನು ಅದೇ ರೂಪದಲ್ಲಿ ಪಡೆಯುವುದು. ಮೊದಲು ಪರಿಶೀಲನೆ ಕೇಳಿ, ಆಮೇಲೆ ಪುಟ ಗುರುತು ಹಾಕಿ ಪ್ರತಿ ಕೇಳಿ ಎಂಬುದು ನನ್ನ ಸಲಹೆ. ಕಾರಣ ಇಷ್ಟೇ: "ಸಂಪೂರ್ಣ ಕಡತ" ಕೇಳಿದರೆ ನೂರಾರು ಪುಟಕ್ಕೆ ಹಣ ಕಟ್ಟಿ ಎಂಬ ಪತ್ರ ಬರುತ್ತದೆ. ನಮ್ಮ ರಾಜ್ಯದಲ್ಲಿ ಎ4 ಪುಟಕ್ಕೆ 2 ರೂಪಾಯಿ, ಅದೇನೂ ದೊಡ್ಡದಲ್ಲ. ಆದರೆ ಆ ಪತ್ರ ಹೊರಟ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ಅವಧಿ 30 ದಿನದ ಲೆಕ್ಕಕ್ಕೆ ಸೇರುವುದಿಲ್ಲ. ಗಡಿಯಾರ ನಿಂತುಬಿಡುತ್ತದೆ. ಕೋರ್ಟಿಗೆ ಹೋಗುವ ಯೋಚನೆ ಇದ್ದರೆ ದೃಢೀಕೃತ ಪ್ರತಿ ಎಂದೇ ಬರೆಯಬೇಕು, ಬರೀ ಜೆರಾಕ್ಸ್ ಸಾಲದು. ಗ್ರಾಮಸಭೆಗೆ ಸಾಕು ಎಂದರೆ ಟಿಪ್ಪಣಿಯೂ ಸಾಕಾಗುತ್ತದೆ. ಮೊದಲೇ ಹೇಳಿದ ಉದ್ದೇಶ ಇಲ್ಲಿ ಮತ್ತೆ ಕೆಲಸಕ್ಕೆ ಬಂತು ನೋಡಿ.

ನಾಲ್ಕನೆಯದು ಮಿತಿ. ಕರ್ನಾಟಕದ ನಿಯಮಗಳಲ್ಲಿ 14ನೇ ನಿಯಮ ಎಂದು ಒಂದಿದೆ, 2008ರಲ್ಲಿ ಸೇರಿದ್ದು. ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹೆಚ್ಚು ವಿಷಯಗಳಿದ್ದರೆ ಅಧಿಕಾರಿ ಮೊದಲನೆಯದಕ್ಕೆ ಮಾತ್ರ ಉತ್ತರಿಸಿ ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಲು ಹೇಳಬಹುದು. ಈ ನಿಯಮ ನನಗೆ ಇಷ್ಟವಿಲ್ಲ. ಅಕ್ಷರ ಬಲ್ಲವನು 150 ಪದದಲ್ಲಿ ಹೇಳುತ್ತಾನೆ, ಬಾರದವನು 300 ಪದ ಹೇಳಿಯೂ ಮುಟ್ಟಿಸಲಾರ. ಅವನಿಗೇ ಈ ನಿಯಮದಿಂದ ಪೆಟ್ಟು. "ಸಾಮಾನ್ಯವಾಗಿ" ಎಂಬ ಮಾತನ್ನು ಮರೆತು, ಪದ ಎಣಿಸಿ ವಾಪಸು ಕಳಿಸುವುದಂತೂ ಸರಿಯಲ್ಲ. ಆದರೂ ನಿಯಮ ಇರುವಷ್ಟು ದಿನ ಅದರೊಳಗೆ ಬರೆಯುವುದನ್ನು ಕಲಿಯುವುದೇ ಜಾಣತನ, ಏಕೆಂದರೆ ಅದರೊಳಗೆ ಬೇಕಾದಷ್ಟು ಜಾಗವಿದೆ.

ಅವಧಿಗೂ ಮಿತಿ ಬೇಕು. "ಇದುವರೆಗೆ" ಎಂದರೆ ಯಾವಾಗಿನಿಂದ? ಒಂದು ಆರ್ಥಿಕ ವರ್ಷ ಹೇಳಿ. ಬಹಳ ಹಳೆಯದನ್ನೂ ವಿಸ್ತಾರವಾದದ್ದನ್ನೂ ಕೇಳಿದರೆ, ಆ ರೂಪದಲ್ಲಿ ಕೊಡಲು ಕಚೇರಿಯ ಸಿಬ್ಬಂದಿ ಸಮಯ ವಿಪರೀತವಾಗಿ ವ್ಯಯವಾಗುತ್ತದೆ ಎಂದು 7(9)ನೇ ಕಲಮನ್ನು ತೋರಿಸುತ್ತಾರೆ. ಆ ಕಲಮು ರೂಪ ಬದಲಿಸಲು ಅವಕಾಶ ಕೊಡುತ್ತದೆಯೇ ಹೊರತು ಮಾಹಿತಿಯನ್ನೇ ನಿರಾಕರಿಸಲು ಅಲ್ಲ. ಆದರೆ ಆ ವಾದ ಮಾಡಲು ಮತ್ತೆ ಮೇಲ್ಮನವಿಗೇ ಹೋಗಬೇಕು.

ಈಗ ನಮ್ಮ ರೈತನ ಅರ್ಜಿಯನ್ನು ಮತ್ತೆ ಬರೆಯೋಣ. ನಮೂನೆ-ಎ, 10 ರೂಪಾಯಿಯ ಪೋಸ್ಟಲ್ ಆರ್ಡರ್, ವಿಳಾಸ ಗ್ರಾಮ ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ವಿವರದ ಜಾಗದಲ್ಲಿ ಹೀಗಿರಲಿ:

"2023-24ನೇ ಸಾಲಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ನಮ್ಮ ಗ್ರಾಮದ ಕೆರೆಯ ಹೂಳು ತೆಗೆದ ಕಾಮಗಾರಿ (ಸಂಕೇತ ಸಂಖ್ಯೆ ಇಂಥದ್ದು) ಕುರಿತ ಈ ಕೆಳಗಿನ ದಾಖಲೆಗಳನ್ನು ಪರಿಶೀಲಿಸಲು ದಿನ ಮತ್ತು ಸಮಯ ತಿಳಿಸುವುದು. ಪರಿಶೀಲನೆಯ ನಂತರ ನಾನು ಗುರುತಿಸುವ ಪುಟಗಳ ದೃಢೀಕೃತ ಪ್ರತಿ ನೀಡುವುದು. 1. ಅಂದಾಜು ಪಟ್ಟಿ ಮತ್ತು ಮಂಜೂರಾತಿ ಆದೇಶ. 2. ಅಳತೆ ಪುಸ್ತಕದಲ್ಲಿ ಈ ಕಾಮಗಾರಿಯ ಪುಟಗಳು. 3. ಈ ಕಾಮಗಾರಿಯ ಎನ್.ಎಂ.ಆರ್.ಗಳು. 4. ಮುಕ್ತಾಯ ಪ್ರಮಾಣಪತ್ರ ಮತ್ತು ಕಡತದಲ್ಲಿರುವ ಫೋಟೊಗಳು. ಯಾವುದಾದರೂ ದಾಖಲೆ ತಮ್ಮಲ್ಲಿ ಇಲ್ಲದಿದ್ದರೆ 6(3)ನೇ ಕಲಮಿನಂತೆ ವರ್ಗಾಯಿಸಿ ನನಗೆ ತಿಳಿಸುವುದು."

150 ಪದಗಳ ಅರ್ಧದ ಆಸುಪಾಸಿನಲ್ಲಿ ಮುಗಿಯಿತು. ಸಿಟ್ಟು ಎಲ್ಲೂ ಇಲ್ಲ, ಆದರೆ ಸಿಟ್ಟಿಗೆ ಬೇಕಾದದ್ದೆಲ್ಲ ಇದೆ. ಎನ್.ಎಂ.ಆರ್. ಎಂದರೆ ಕೂಲಿಗಾರರ ಹಾಜರಿ ಪಟ್ಟಿ. ಅದರ ತಾರೀಕುಗಳನ್ನೂ ಕೆರೆಯಲ್ಲಿ ಯಂತ್ರ ಓಡಾಡಿದ ದಿನಗಳನ್ನೂ ಊರವರು ಪಕ್ಕಪಕ್ಕ ಇಟ್ಟು ನೋಡಬಲ್ಲರು. ಒತ್ತುವರಿಯ ವಿಷಯ ಬಿಟ್ಟುಹೋಯಿತಲ್ಲ ಎಂದರೆ, ಅದು ತಹಶೀಲ್ದಾರರಿಗೆ ಬೇರೆ ಅರ್ಜಿ, ಇನ್ನೊಂದು 10 ರೂಪಾಯಿ.

ಇಲ್ಲಿ ನಿಂತು ಒಂದು ಮಾತು ಹೇಳಲೇಬೇಕು. ಇದನ್ನೆಲ್ಲ ಕಲಿಯುವ ಹೊರೆ ಅರ್ಜಿದಾರನದೊಂದೇ ಎಂದು ನಾನು ಹೇಳುತ್ತಿಲ್ಲ. ಕಾಯ್ದೆಯೂ ಹಾಗೆ ಹೇಳುವುದಿಲ್ಲ. ಬರೆಯಲು ಬಾರದವನು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಎಂದು 6(1) ಹೇಳುತ್ತದೆ. ಹಕ್ಕನ್ನು ಬಳಸುವವನಿಗೆ ಬೇಕಾದ ಮಾಹಿತಿಯನ್ನೊಳಗೊಂಡ ಕೈಪಿಡಿಯನ್ನು, ಸುಲಭವಾಗಿ ಅರ್ಥವಾಗುವಂತೆ, ರಾಜ್ಯದ ಆಡಳಿತ ಭಾಷೆಯಲ್ಲೇ, ಕಾಯ್ದೆ ಬಂದ 18 ತಿಂಗಳೊಳಗೆ ಸರ್ಕಾರ ಸಿದ್ಧಪಡಿಸಬೇಕು ಎಂದು 26ನೇ ಕಲಮು ವಿಧಿಸುತ್ತದೆ. ಕಲಿಸುವುದು ಸರ್ಕಾರದ ಕೆಲಸ ಎಂದು ಬರೆದಿಟ್ಟಿರುವ ಕಾಯ್ದೆ ಇದು. "ಅಸ್ಪಷ್ಟ" ಎಂದು ಹಿಂಬರಹ ಟೈಪು ಮಾಡಿಸಿ, ಸಹಿ ಹಾಕಿ, ಅಂಚೆಗೆ ಹಾಕುವ ಹೊತ್ತಿನಲ್ಲಿ ಅರ್ಜಿಯಲ್ಲಿರುವ ನಂಬರಿಗೆ ಒಂದು ಫೋನು ಮಾಡಿ "ಯಾವ ವರ್ಷದ್ದು ಸ್ವಾಮಿ ನಿಮಗೆ ಬೇಕಾದ್ದು?" ಎಂದು ಕೇಳಬಹುದು. ಹಾಗೆ ಕೇಳುವ ಅಧಿಕಾರಿಗಳೂ ಇದ್ದಾರೆ. ಅವರ ಕಚೇರಿಯಿಂದ ಮೇಲ್ಮನವಿಗೆ ಹೋಗುವವರು ಕಡಿಮೆ.

ಕೊನೆಯದಾಗಿ, ಇಷ್ಟೆಲ್ಲ ಸರಿಯಾಗಿ ಬರೆದ ಮೇಲೂ ಬರಬಹುದಾದ ಒಂದು ಉತ್ತರದ ಬಗ್ಗೆ: "ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ." ಹಳೆಯ ಅರ್ಜಿಗೆ ಈ ಉತ್ತರ ಬಂದಿದ್ದರೆ ಅದಕ್ಕೆ ಅರ್ಥವೇ ಇರುತ್ತಿರಲಿಲ್ಲ, ಯಾವ ದಾಖಲೆ ಎಂದು ಯಾರೂ ಹೇಳಿರಲಿಲ್ಲವಲ್ಲ. ಈಗ ಹಾಗಲ್ಲ. ಇಂಥ ಸಂಕೇತದ ಕಾಮಗಾರಿಗೆ ಬಿಲ್ಲು ಪಾವತಿಯಾಗಿದೆ ಎಂದು ಜಾಲತಾಣ ಹೇಳುತ್ತಿದೆ, ಅದರ ಅಳತೆ ಪುಟ ಇಲ್ಲ ಎಂದು ಕಚೇರಿ ಸಹಿ ಹಾಕಿ ಬರೆದುಕೊಟ್ಟಿದೆ. ಎರಡೂ ಕಾಗದಗಳನ್ನು ಒಟ್ಟಿಗೆ ಲಗತ್ತಿಸಿ, ಉತ್ತರ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಯಾರಿಗೆ ಹಾಕಬೇಕು ಎಂಬುದನ್ನು ನಿರಾಕರಣೆಯ ಹಿಂಬರಹದಲ್ಲೇ ತಿಳಿಸುವುದು ಅಧಿಕಾರಿಯ ಕರ್ತವ್ಯ, ಅದನ್ನು ನೋಡಿಕೊಳ್ಳಿ. ಮೇಲ್ಮನವಿಯ ಕೋರಿಕೆಯೂ ಒಂದೇ ಇರಲಿ: ಅಳತೆ ಪುಸ್ತಕವನ್ನು ಹುಡುಕಿಸಿ ಕೊಡಿಸಬೇಕು, ಸಿಗದಿದ್ದರೆ ಯಾವ ದಿನಾಂಕದಲ್ಲಿ ಅದು ಯಾರ ವಶದಲ್ಲಿತ್ತು ಎಂಬ ದಾಖಲೆಯನ್ನು ಕೊಡಿಸಬೇಕು.

ಸಭೆಯ ನಂತರ ಯಾರಾದರೂ ತಮ್ಮ ಅರ್ಜಿಯ ಕರಡು ತಂದಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ನೋಡೋಣ.